ಹಾರ್ಮೋನಿಯಂ ತಿದಿಯ ಹದ

ಭಜನೆಯಲ್ಲಿ ಮುಖ್ಯವಾದುದು ಪದ. ಪದವನ್ನು ಹೊತ್ತು ತರುವುದು ಕಂಠ. ಕಂಠಕ್ಕೆ ಆಸರೆಯಾಗಿ ನಿಲ್ಲುವುದು ಹಾರ್ಮೋನಿಯಂ. ಈ ಕ್ರಮವು ತಲೆಕೆಳಗಾದಾಗ ಭಜನೆ ಕೆಡುತ್ತದೆ. ಮುಂಬಯಿ ಮತ್ತು ಅದರ ಉಪನಗರಗಳಲ್ಲಿ ನಮ್ಮ ಕನ್ನಡಿಗರ ಶನಿವಾರದ ಭಜನೆಗಳು ಎಷ್ಟೋ ಕಡೆ ಸಣ್ಣ ಕೋಣೆಗಳಲ್ಲಿಯೇ ನಡೆಯುತ್ತವೆ. ಹತ್ತು ಹನ್ನೆರಡು ಜನ ಒತ್ತಾಗಿ ಕುಳಿತ ಅಂತಹ ಕೋಣೆಯಲ್ಲಿ ಹಾರ್ಮೋನಿಯಂ ಒಮ್ಮೆ ಅಬ್ಬರಿಸಿ ಒಮ್ಮೆ ಸೊರಗಿದರೆ, ಅಬ್ಬರಿಸಿದಾಗಲೆಲ್ಲ ಹಾಡುವ ಬಾಲಕಿಯ ಬಾಯಿಂದ ಬಂದ ಮಾತಿನ ಒಂದು ತುಂಡು ಮುಳುಗಿಹೋಗುತ್ತದೆ. ದಿನವೆಲ್ಲ ಮರಾಠಿ ಹಿಂದಿಗಳನ್ನು ಕೇಳಿ ಬೆಳೆಯುವ ಮಗುವಿಗೆ ದಾಸರ ಪದಗಳಲ್ಲಿನ ಹಳೆಯ ಕನ್ನಡ ಮಾತುಗಳು ಪುಸ್ತಕದಿಂದಲ್ಲ, ಕಿವಿಯಿಂದಲೇ ದೊರೆಯತಕ್ಕವು. ಅರ್ಧ ಕೇಳಿದ ಮಾತನ್ನು ಮಗು ಅರ್ಧವಾಗಿಯೇ ಕಲಿಯುತ್ತದೆ, ಹಾಗೆಯೇ ಮುಂದಿನವರಿಗೆ ಹೇಳಿಕೊಡುತ್ತದೆ.

ಆದುದರಿಂದ ಹಾರ್ಮೋನಿಯಂ ನುಡಿಸಲು ತೊಡಗುವ ವಿದ್ಯಾರ್ಥಿಗಳು ಬಲಗೈಯ ಬೆರಳಾಟಕ್ಕಿಂತ ಮೊದಲು ಎಡಗೈಯ ಕೆಲಸವನ್ನು ಅರಿಯಬೇಕು. ನಾದವು ಏಕೆ ಏರಿಳಿಯುತ್ತದೆ, ಅದನ್ನು ಸಮವಾಗಿ ಇಡುವ ಬಗೆ ಯಾವುದು, ಸಮವಾದ ನಾದದಿಂದ ಒಂದು ಸರಳ ಭಜನೆಗೆ ಹೇಗೆ ಸಾಥ್ ಕೊಡಬೇಕು ಎಂಬುದನ್ನಷ್ಟೇ ಇಲ್ಲಿ ವಿವರಿಸುತ್ತೇವೆ.

ಪೆಟ್ಟಿಗೆಯ ಒಳಗೆ

ಹಾರ್ಮೋನಿಯಂ ಮೂಲತಃ ನಮ್ಮ ನಾಡಿನದಲ್ಲ. ಪ್ಯಾರಿಸ್ ನಗರದ ಅಲೆಕ್ಸಾಂದ್ರ್ ದೆಬೆಯ್ನ್ ಎಂಬವನು 1842ರ ಸುಮಾರಿಗೆ ಈ ಹೆಸರಿನ ವಾದ್ಯಕ್ಕೆ ಹಕ್ಕುಪತ್ರ ಪಡೆದನು. ಆ ವಾದ್ಯಕ್ಕೆ ಕಾಲಿನಿಂದ ಗಾಳಿ ಹಾಕಬೇಕಾಗಿತ್ತು. ಎರಡು ಕೈಗಳೂ ನುಡಿಸಲು ಬಿಡುವಾಗಿರುತ್ತಿದ್ದವು. ನೆಲದ ಮೇಲೆ ಕುಳಿತು ಹಾಡುವ ನಮ್ಮವರಿಗೆ ಅದು ಒಗ್ಗಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷರು ತಿದಿಯನ್ನು ಪೆಟ್ಟಿಗೆಯ ಹಿಂಬದಿಗೆ ತಂದು, ಅದನ್ನು ಕೈಯಿಂದ ನೂಕುವಂತೆ ಮಾಡಿದರು. ಅಂದಿನಿಂದ ಎಡಗೈ ಈ ವಾದ್ಯದ ಶ್ವಾಸಕೋಶವಾಯಿತು. ಮುಂಬಯಿಯ ಅಂಗಡಿಗಳಲ್ಲಿ ಈ ವಾದ್ಯಕ್ಕೆ ‘ಪೇಟಿ’ ಎಂದೂ, ತಿದಿಗೆ ‘ಭಾತಾ’ ಎಂದೂ ಹೆಸರು.

ಹೊರಗೆ ಕಾಣುವ ಈ ತಿದಿಯ ಹೊರತು ಪೆಟ್ಟಿಗೆಯ ಒಳಗೆ ಕಣ್ಣಿಗೆ ಬೀಳದ ಇನ್ನೊಂದು ತಿದಿಯಿದೆ. ಅದನ್ನು ನಾವು ಒಳಚೀಲ ಎಂದು ಕರೆಯೋಣ. ಹೊರತಿದಿಯನ್ನು ತೆರೆದಾಗ ಅದರ ಹಲಗೆಯಲ್ಲಿನ ತೂತುಗಳ ಮೂಲಕ ಕೋಣೆಯ ಗಾಳಿ ಒಳಗೆ ಬರುತ್ತದೆ. ನೂಕಿದಾಗ ಆ ತೂತುಗಳನ್ನು ತೊಗಲಿನ ನಾಲಗೆಗಳು ಮುಚ್ಚಿಕೊಳ್ಳುತ್ತವೆ. ಗಾಳಿಯು ಹಿಂದಿರುಗಲಾರದೆ, ಇನ್ನೊಂದು ಸಾಲಿನ ತೂತುಗಳಿಂದ ಒಳಚೀಲವನ್ನು ಹೊಗುತ್ತದೆ. ಆ ತೂತುಗಳಿಗೂ ತೊಗಲಿನ ಮುಚ್ಚಳವುಂಟು. ಒಳಚೀಲವು ಉಬ್ಬುತ್ತಿರುವಂತೆ ಉಕ್ಕಿನ ಸ್ಪ್ರಿಂಗುಗಳು ಅದನ್ನು ಹಿಂದಕ್ಕೆ ಒತ್ತುತ್ತಿರುತ್ತವೆ. ನಾವು ಒಂದು ಮನೆಯನ್ನು ಒತ್ತಿದೊಡನೆ ಆ ಮನೆಯ ಮುಚ್ಚಳ ಏಳುತ್ತದೆ. ಸ್ಪ್ರಿಂಗು ಒತ್ತಿದ ಗಾಳಿಯು ಹಿತ್ತಾಳೆಯ ರೀಡಿನ ಮೂಲಕ ಹೊರಬೀಳುತ್ತದೆ. ರೀಡು ಕಂಪಿಸಿ ನುಡಿಯುತ್ತದೆ.

ಇದರಿಂದ ತಿಳಿದುಬರುವ ಮುಖ್ಯ ಸಂಗತಿ ಇಷ್ಟು: ರೀಡನ್ನು ನುಡಿಸುವುದು ನಮ್ಮ ಕೈಯಲ್ಲ, ಒಳಚೀಲದ ಸ್ಪ್ರಿಂಗು. ಕೈಯ ಕೆಲಸವು ಒಳಚೀಲಕ್ಕೆ ಗಾಳಿಯನ್ನು ತುಂಬಿಕೊಡುವುದು ಮಾತ್ರ. ಮನೆಯ ಮಾಳಿಗೆಯ ಮೇಲಿನ ನೀರಿನ ತೊಟ್ಟಿಯನ್ನು ನೆನೆಯಿರಿ. ಪಂಪು ನಡೆಯಲಿ, ನಿಲ್ಲಲಿ, ತೊಟ್ಟಿಯಲ್ಲಿ ನೀರಿರುವಷ್ಟು ಕಾಲ ನಲ್ಲಿಯ ಧಾರೆ ಒಂದೇ ಸಮನಾಗಿ ಬೀಳುತ್ತದೆ. ಹಾಗೆಯೇ ಒಳಚೀಲದಲ್ಲಿ ಅರ್ಧದಷ್ಟು ಗಾಳಿ ಇರುವವರೆಗೆ, ಹೊರತಿದಿಯು ತೆರೆಯುತ್ತಿದ್ದರೂ ಮುಚ್ಚುತ್ತಿದ್ದರೂ, ನಾದವು ಬಹುಮಟ್ಟಿಗೆ ಒಂದೇ ಸಮನಾಗಿರುತ್ತದೆ.

ಎರಡು ಸಂದರ್ಭಗಳಲ್ಲಿ ಮಾತ್ರ ಈ ಸಮತೆ ಮುರಿಯುತ್ತದೆ. ಒಳಚೀಲವು ಬರಿದಾಗುತ್ತ ಬಂದರೆ ಸ್ಪ್ರಿಂಗಿನ ಒತ್ತಡ ಇಳಿದು ನಾದ ಸೊರಗುತ್ತದೆ. ಮಂದ್ರದ ದೊಡ್ಡ ರೀಡುಗಳು ನುಡಿಯಲು ತಡಮಾಡುತ್ತವೆ. ಒಳಚೀಲವು ಪೂರ್ತಿ ತುಂಬಿ ಇನ್ನು ಉಬ್ಬಲಾರದೆ ಹೋದಾಗ ನೂಕಿದರೆ, ಕೈಯ ಬಲವೆಲ್ಲ ನೇರವಾಗಿ ರೀಡಿಗೆ ತಗಲಿ ನಾದವು ಒಮ್ಮೆಗೇ ಅಬ್ಬರಿಸುತ್ತದೆ. ಅತಿಯಾದ ಒತ್ತಡದಲ್ಲಿ ಮಂದ್ರದ ರೀಡು ತನ್ನ ಸ್ವರಕ್ಕಿಂತ ತುಸು ಇಳಿದೂ ಕೇಳಿಸುವುದುಂಟು. ಬರಿದಾಗಗೊಡದೆ, ತುಂಬಿ ಬಿಗಿಯಗೊಡದೆ, ಒಳಚೀಲವನ್ನು ಅರ್ಧದ ಆಸುಪಾಸಿನಲ್ಲಿ ಇಟ್ಟಿರುವುದೇ ತಿದಿಯ ಹದ.

ಕಣ್ಣಿಗೆ ಕಾಣದ ಚೀಲವು ಎಷ್ಟು ತುಂಬಿದೆಯೆಂದು ಅರಿಯುವುದು ಹೇಗೆ? ಅಂಗೈಯೇ ಅದನ್ನು ಹೇಳುತ್ತದೆ. ಹೊರತಿದಿಯು ಬೆಣ್ಣೆಯಂತೆ ಸಲೀಸಾಗಿ ಸರಿದರೆ ಒಳಚೀಲ ಬರಿದಾಗಿದೆ. ಗೋಡೆಯನ್ನು ಒತ್ತಿದಂತೆ ಬಿಗಿಯಾದರೆ ತುಂಬಿದೆ. ಇವೆರಡರ ನಡುವೆ, ಒದ್ದೆ ಸ್ಪಂಜನ್ನು ಅದುಮಿದಂತೆ ಮೆಲ್ಲನೆ ಎದುರುಕೊಡುವುದೇ ನಮಗೆ ಬೇಕಾದ ಸ್ಥಿತಿ.

ಗಾಳಿಯ ಲೆಕ್ಕ

ನಿಮ್ಮ ಪೆಟ್ಟಿಗೆಯ ಅಳತೆಯನ್ನು ನೀವೇ ತೆಗೆಯಬಹುದು. ಮುಂಭಾಗದ ಗುಂಡಿಗಳಲ್ಲಿ ಮಧ್ಯದ ರೀಡುಸಾಲಿನ ಒಂದನ್ನು ಮಾತ್ರ ಹೊರಕ್ಕೆ ಎಳೆಯಿರಿ, ಉಳಿದುವನ್ನು ಮುಚ್ಚಿರಿ. ಅಂಗೈಗೆ ಬಿಗಿ ತಗಲುವವರೆಗೆ ತಿದಿ ಹಾಕಿ, ಕೈಯನ್ನು ತೆಗೆದು, ನಡುವಣ ಒಂದು ಮನೆಯನ್ನು ಒತ್ತಿ, ನಾದವು ಸೊರಗುವವರೆಗೆ ಗಡಿಯಾರದ ಸೆಕೆಂಡುಗಳನ್ನು ಎಣಿಸಿರಿ. ನಮ್ಮ ತರಗತಿಯ ಪೆಟ್ಟಿಗೆಯಲ್ಲಿ ಈ ಎಣಿಕೆ 16ಕ್ಕೆ ಬರುತ್ತದೆ. ನಿಮ್ಮದರಲ್ಲಿ ಹೆಚ್ಚು ಕಡಿಮೆಯಾಗಬಹುದು; ಕ್ರಮ ಅದೇ.

ಒಂದು ರೀಡಿಗೆ 16 ಎಣಿಕೆಯಲ್ಲಿ ಚೀಲ ಬರಿದಾಗುವುದಾದರೆ, 8 ಎಣಿಕೆಗೆ ಅರ್ಧ ಖರ್ಚಾಯಿತು. ಆದುದರಿಂದ 8 ಎಣಿಕೆಗೆ ಒಮ್ಮೆ ತಿದಿಯನ್ನು ತೆರೆದು ಮುಚ್ಚಿದರೆ ಸಾಕು. ಷಡ್ಜ ಪಂಚಮ ಎರಡನ್ನೂ ಕೂಡಿ ಒತ್ತಿದರೆ ಎರಡು ರೀಡುಗಳು ಗಾಳಿ ಕುಡಿಯುತ್ತವೆ. ಆಗ ಸುಮಾರು 4 ಎಣಿಕೆಗೊಮ್ಮೆ ತಿದಿ ಬೇಕು. ಇದರ ಮೇಲೆ ಇನ್ನೊಂದು ರೀಡುಸಾಲಿನ ಗುಂಡಿಯನ್ನೂ ಎಳೆದರೆ ನಾಲ್ಕು ರೀಡುಗಳಾದವು. 2 ಎಣಿಕೆಗೊಮ್ಮೆ ತಿದಿ ಬೇಕಾಗುತ್ತದೆ. ಮಂದ್ರದ ರೀಡುಗಳು ತಾರದವಕ್ಕಿಂತ ಹೆಚ್ಚು ಗಾಳಿ ಎಳೆಯುವುದರಿಂದ ಈ ಲೆಕ್ಕವು ಸ್ಥೂಲವಾದುದು. ಆದರೂ ಕೈಗೆ ದಾರಿ ತೋರಿಸಲು ಇಷ್ಟು ಸಾಕು.

ಈ ಲೆಕ್ಕದಲ್ಲಿ ಒಂದು ವಿಷಯವನ್ನು ಗಮನಿಸಿರಿ. ರೀಡುಗಳು ಹೆಚ್ಚಿದಂತೆ ತಿದಿಯನ್ನು ಹಾಕುವ ಸರದಿ ಬೇಗಬೇಗನೆ ಬರುತ್ತದೆಯೇ ಹೊರತು ನೂಕುವ ಬಲ ಹೆಚ್ಚುವುದಿಲ್ಲ. ಹೊಸಬರು ಇಲ್ಲಿಯೇ ಎಡವುತ್ತಾರೆ. ಹೆಚ್ಚು ನಾದ ಬೇಕೆಂದೊಡನೆ ಭುಜದ ಬಲದಿಂದ ನೂಕುತ್ತಾರೆ. ನಾದ ಹೆಚ್ಚುವ ಬದಲು ನೂಕಿಗೊಂದು ಗುದ್ದು ಬೀಳುತ್ತದೆ.

ಪೆಟ್ಟಿಗೆಯಲ್ಲಿ ಒಂದೇ ಸ್ವರವನ್ನು ಸದಾ ನುಡಿಸುತ್ತಿರುವ ಶ್ರುತಿಗುಂಡಿಗಳೂ ಇರುವುದುಂಟು. ಅವು ಮನೆಯನ್ನು ಒತ್ತದಿದ್ದಾಗಲೂ ಗಾಳಿಯನ್ನು ಕುಡಿಯುತ್ತಲೇ ಇರುತ್ತವೆ. ಕಲಿಯುವ ಕಾಲದಲ್ಲಿ ಅವನ್ನು ಮುಚ್ಚಿಡುವುದೇ ಲೇಸು.

ಎಡಗೈಯ ಸಾಧನೆ

ಕೊಂಡಿಗಳನ್ನು ಬಿಚ್ಚಿ, ತಿದಿಯ ಮೇಲಂಚನ್ನು ನಾಲ್ಕು ಬೆರಳುಗಳಿಂದ ಹಗುರವಾಗಿ ಹಿಡಿಯಿರಿ. ತಿದಿಯು ಮೂರು ಬೆರಳಿನ ಅಗಲಕ್ಕಿಂತ ಹೆಚ್ಚು ತೆರೆಯಬೇಕಾಗಿಲ್ಲ. ತೆರೆಯುವಾಗ ಹೊಸ ಗಾಳಿ ಒಳಚೀಲಕ್ಕೆ ಹೋಗುತ್ತಿರುವುದಿಲ್ಲ. ಆದುದರಿಂದ ತೆರೆಯುವುದು ಬೇಗ, ಮುಚ್ಚುವುದು ನಿಧಾನ. ಬೇಗ ಎಂದರೆ ಜಗ್ಗಿ ಎಳೆಯುವುದಲ್ಲ. ಜಗ್ಗಿದರೆ ತೊಗಲಿನ ನಾಲಗೆಗಳು ಪಟಪಟನೆ ಬಡಿದುಕೊಳ್ಳುವುದು ಕೇಳಿಸುತ್ತದೆ. ಮುಚ್ಚುವಾಗ ತಿದಿಯ ಹಲಗೆಯು ಪೆಟ್ಟಿಗೆಗೆ ತಾಗುವ ಮೊದಲೇ ಕೈಯನ್ನು ತಡೆಯಬೇಕು.

ಒಂದು ಮನೆಯನ್ನು ಒತ್ತಿ ಹಿಡಿದು, ಆದಿತಾಳದಂತೆ ಎಂಟೆಂಟಾಗಿ 32 ಎಣಿಸಿರಿ. ಪ್ರತಿ ಎಂಟರಲ್ಲಿ ಒಂದು ಎರಡು ಎನ್ನುವಾಗ ತಿದಿ ತೆರೆಯಲಿ; ಮೂರರಿಂದ ಎಂಟರವರೆಗೆ ಮೆಲ್ಲನೆ ಮುಚ್ಚಲಿ. ಈ ಕ್ರಮಕ್ಕೆ ಕಾರಣವಿದೆ. ತಾಳದ ಮೊದಲ ಪೆಟ್ಟಿನಲ್ಲಿ ಕೈ ತಾನಾಗಿಯೇ ಗುದ್ದಲು ಹವಣಿಸುತ್ತದೆ. ಆ ಹೊತ್ತಿನಲ್ಲಿ ತಿದಿಯು ತೆರೆಯುತ್ತಿದ್ದರೆ ಗುದ್ದಲು ಅವಕಾಶವೇ ಇರುವುದಿಲ್ಲ.

ನುಡಿಸುತ್ತಿರುವಾಗ ಕಣ್ಣು ಮುಚ್ಚಿ ಆಲಿಸಿರಿ. ಮೂರನೆಯ ಎಣಿಕೆಯಲ್ಲಿ ನಾದ ಉಬ್ಬಿದರೆ ಒಳಚೀಲ ಆಗಲೇ ತುಂಬಿತ್ತೆಂದು ತಿಳಿಯಬೇಕು. ಮುಂದಿನ ಸಲ ಕಡಿಮೆ ತೆರೆಯಿರಿ. ಒಂದನೆಯ ಎರಡನೆಯ ಎಣಿಕೆಗಳಲ್ಲಿ ನಾದ ಕುಸಿದರೆ ಒಳಚೀಲದಲ್ಲಿ ಕೂಡಿಟ್ಟ ಗಾಳಿ ಸಾಲದಾಯಿತು. ಮುಂದಿನ ಸಲ ತುಸು ಹೆಚ್ಚು ತೆರೆಯಿರಿ. ತಿದಿ ಯಾವಾಗ ತೆರೆಯಿತು, ಯಾವಾಗ ಮುಚ್ಚಿತು ಎಂಬುದನ್ನು ಬೆನ್ನು ತಿರುಗಿಸಿ ಕುಳಿತ ಗೆಳೆಯನು ಕಿವಿಯಿಂದ ಹೇಳಲಾರದೆ ಹೋದರೆ ನಿಮ್ಮ ಎಡಗೈ ಪಳಗಿತು. ಆ ಬಳಿಕ ಷಡ್ಜ ಪಂಚಮಗಳನ್ನು ಕೂಡಿ ಹಿಡಿದು, ನಾಲ್ಕರಲ್ಲಿ ಒಂದು ಎಣಿಕೆಗೆ ತೆರೆದು ಮೂರಕ್ಕೆ ಮುಚ್ಚುವುದನ್ನು ಅಭ್ಯಾಸ ಮಾಡಿರಿ.

ಒಂದು ಭಜನೆಗೆ ಸಾಥ್

ಈಗ ನಮ್ಮ ಶಾಲೆಯ ಒಬ್ಬ ಬಾಲಕಿಯು ಪದವನ್ನು ಹೇಳಿಕೊಡುತ್ತಾಳೆ, ಹನ್ನೆರಡು ಮಕ್ಕಳು ಅದನ್ನು ಮರಳಿ ಹಾಡುತ್ತಾರೆ ಎಂದು ಇಟ್ಟುಕೊಳ್ಳೋಣ. ಮೊದಲು ಅವಳು ಪೆಟ್ಟಿಗೆಯಿಲ್ಲದೆ ಒಂದು ಸಾಲನ್ನು ಹಾಡಲಿ. ಅವಳ ಷಡ್ಜವನ್ನು ಹುಡುಕಿ ಹಿಡಿಯುವುದು ನುಡಿಸುವವನ ಕೆಲಸ. ಈ ವಯಸ್ಸಿನ ಎಷ್ಟೋ ಮಕ್ಕಳಿಗೆ ಎಡಗಡೆಯ ಮೊದಲ ಸ್ಥಾಯಿಯ ಬಿಳಿ ಐದು ಹೊಂದಿಕೊಳ್ಳುತ್ತದೆ. ಅದನ್ನು ಷಡ್ಜವೆಂದು ಹಿಡಿದರೆ ಬಿಳಿ ಆರು ರಿಷಭ, ಬಿಳಿ ಏಳು ಗಾಂಧಾರ, ಮುಂದಿನ ಸ್ಥಾಯಿಯ ಬಿಳಿ ಒಂದು ಮಧ್ಯಮ, ಬಿಳಿ ಎರಡು ಪಂಚಮ, ಬಿಳಿ ಮೂರು ಧೈವತ, ಕರಿ ಮೂರು ನಿಷಾದ, ಅಲ್ಲಿಯ ಬಿಳಿ ಐದು ಮೇಲಿನ ಷಡ್ಜ. ಶುದ್ಧ ಸ್ವರಗಳ ಹಾಡಿಗೆ ಒಂದೇ ಒಂದು ಕರಿ ಮನೆ ಸಾಕಾಗುತ್ತದೆ.

ಅಭ್ಯಾಸಕ್ಕಾಗಿ ನಾವು ಕಟ್ಟಿಕೊಂಡ ಈ ಎರಡು ಸಾಲುಗಳನ್ನು ನೋಡಿರಿ:

ಸ ರಿ ಗ ಗ । ರಿ ಗ ರಿ ಸ
ಗ ಮ ಪ ಪ । ಮ ಗ ರಿ ಸ

ಮೊದಲನೆಯ ಸಲ ಎಲ್ಲ ಸ್ವರಗಳನ್ನೂ ನುಡಿಸಬೇಡಿರಿ. ನಾಲ್ಕು ನಾಲ್ಕರಲ್ಲಿ ಮೊದಲನೆಯದನ್ನು ಮಾತ್ರ ಒತ್ತಿ ಹಿಡಿಯಿರಿ: ಮೊದಲ ಸಾಲಿಗೆ ಸ ಮತ್ತು ರಿ, ಎರಡನೆಯದಕ್ಕೆ ಗ ಮತ್ತು ಮ. ಹೀಗೆ ನಾಲ್ಕೇ ಕಂಬಗಳ ಮೇಲೆ ಹಾಡು ನಿಲ್ಲುತ್ತದೆ. ತಿದಿಯ ಕಡೆಗೆ ಲಕ್ಷ್ಯ ಕೊಡಲು ಮನಸ್ಸಿಗೆ ಬಿಡುವಿರುತ್ತದೆ. ಇದು ಕೈಗೆ ಬಂದ ಮೇಲೆ ಪೂರ್ತಿ ಸಾಲನ್ನು ನುಡಿಸಿರಿ. ಆಗಲೂ ‘ಗ ಗ’ ಎಂದಿರುವಲ್ಲಿ ಎರಡು ಸಲ ಕುಟ್ಟಬೇಡಿರಿ; ಒಮ್ಮೆ ಒತ್ತಿ ಎರಡು ಎಣಿಕೆ ಹಿಡಿಯಿರಿ. ಅಕ್ಷರಗಳನ್ನು ಬಿಡಿಬಿಡಿಯಾಗಿ ನುಡಿಯುವ ಕೆಲಸ ಹಾಡುವವಳದು.

ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವಾಗ, ಮುಂದಿನ ಬೆರಳು ಕೂತ ಮೇಲೆಯೇ ಹಿಂದಿನ ಬೆರಳು ಏಳಬೇಕು. ಇದು ಕೇವಲ ಅಂದಕ್ಕಾಗಿ ಅಲ್ಲ. ಎಲ್ಲ ಬೆರಳುಗಳೂ ಎದ್ದ ಗಳಿಗೆಯಲ್ಲಿ ಗಾಳಿಗೆ ಹೊರದಾರಿ ಮುಚ್ಚಿಹೋಗುತ್ತದೆ. ಎಡಗೈ ನೂಕುತ್ತಲೇ ಇದ್ದರೆ ಒಳಚೀಲ ಬಿಗಿಯುತ್ತದೆ. ಮುಂದಿನ ಸ್ವರವು ಬೊಗಳಿದಂತೆ ಹೊರಬೀಳುತ್ತದೆ. ಸಾಲು ಮುಗಿದು ಬಾಲಕಿ ಉಸಿರು ತೆಗೆದುಕೊಳ್ಳುವಾಗ ಅನೇಕರು ಮಾಡುವ ತಪ್ಪೂ ಇದೇ: ಬಲಗೈಯನ್ನು ಎತ್ತುತ್ತಾರೆ, ಎಡಗೈಯನ್ನು ನಿಲ್ಲಿಸುವುದಿಲ್ಲ. ಅವಳ ಮುಂದಿನ ಸಾಲಿನ ಮೊದಲ ಮಾತು ಆ ಅಬ್ಬರದಲ್ಲಿ ಅಡಗಿಹೋಗುತ್ತದೆ. ಸಾಲಿನ ಕೊನೆಯಲ್ಲಿ ಷಡ್ಜವನ್ನು ಹಾಗೆಯೇ ಹಿಡಿದಿರಿ. ಇಲ್ಲವೆ ಬೆರಳು ಎತ್ತಿದೊಡನೆ ಎಡಗೈಯನ್ನೂ ತಡೆಯಿರಿ.

ಮಕ್ಕಳೆಲ್ಲ ಕೂಡಿ ಹಾಡುವಾಗ ನಾದ ಹೆಚ್ಚಬೇಕು. ಅದಕ್ಕೆ ಇನ್ನೊಂದು ರೀಡುಸಾಲಿನ ಗುಂಡಿಯನ್ನು ಎಳೆಯಿರಿ. ಆ ಕ್ಷಣದಿಂದ ತಿದಿಯ ಸರದಿಯನ್ನು ಎಂಟರಿಂದ ನಾಲ್ಕಕ್ಕೆ ಇಳಿಸಿರಿ. ಬಾಲಕಿಯ ಸರದಿ ಮರಳಿದಾಗ ಗುಂಡಿಯನ್ನು ಮುಚ್ಚಿ ಮತ್ತೆ ಎಂಟಕ್ಕೆ ಬನ್ನಿರಿ. ಗುಂಡಿಗೆ ಕೈ ಹಾಕುವುದು ಸಾಲಿನ ಕೊನೆಯ ಷಡ್ಜದಲ್ಲಿ. ತಿದಿಯಿಂದ ಎಡಗೈ ಒಂದೆರಡು ಎಣಿಕೆ ಸರಿದರೂ ಒಳಚೀಲವು ನಾದವನ್ನು ನಡೆಸಿಕೊಂಡು ಹೋಗುತ್ತದೆ.

ಹಾಡುವವಳು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಲ್ಲಿ ಹಾರ್ಮೋನಿಯಂ ಜಾರಲಾರದು. ಅದಕ್ಕೆ ಇರುವುದು ಬಿಡಿಬಿಡಿಯಾದ ಮನೆಗಳು. ಈ ಕೊರತೆಯೂ ಒಂದು ಕಾರಣವಾಗಿ ಆಕಾಶವಾಣಿಯು 1940ರಲ್ಲಿ ಹಾರ್ಮೋನಿಯಂ ವಾದ್ಯವನ್ನು ತನ್ನ ಕೇಂದ್ರಗಳಿಂದ ದೂರವಿಟ್ಟಿತ್ತು. ಆ ನಿಷೇಧವು ಸಡಿಲಾದುದು 1971ರಲ್ಲಿ. ಆ ನಿಷೇಧದ ನಡುವೆಯೂ ವಾದ್ಯವನ್ನು ಕೈಬಿಡದೆ ಸಾಧಿಸಿದವರಲ್ಲಿ ಬೆಳಗಾವಿಯ ಪಂಡಿತ ಆರ್. ಕೆ. ಬಿಜಾಪುರೆಯವರು (1917–2010) ಒಬ್ಬರು. ಆದರೆ ಕಲಿಯುವವರಿಗೆ ಸುಲಭವಾದ ದಾರಿ ಬೇರೆ: ಕಂಠ ಜಾರುವಲ್ಲಿ ಬೆರಳುಗಳು ಅದರ ಬೆನ್ನಟ್ಟಿ ಓಡಬಾರದು. ಅದು ಎಲ್ಲಿ ಹೋಗಿ ನಿಲ್ಲುತ್ತದೆಯೋ ಆ ಸ್ವರವನ್ನು ಮಾತ್ರ ಮೆಲ್ಲನೆ ಹಿಡಿಯಬೇಕು.

ಕೈ ಸರಿಯಿದ್ದೂ ನಾದ ಕೆಟ್ಟರೆ

ಕೆಲವೊಮ್ಮೆ ತಪ್ಪು ಕೈಯದಲ್ಲ, ಪೆಟ್ಟಿಗೆಯದು. ಅದನ್ನು ಕಂಡುಹಿಡಿಯಲು ಮೂರು ಪರೀಕ್ಷೆಗಳುಂಟು. ಯಾವ ಮನೆಯನ್ನೂ ಒತ್ತದೆ, ಬಿಗಿ ತಗಲುವವರೆಗೆ ತಿದಿ ಹಾಕಿ ಕೈ ಬಿಡಿರಿ. ಹೊರತಿದಿಯು ತಾನಾಗಿಯೇ ಉಬ್ಬಿ ತೆರೆದುಕೊಂಡರೆ, ಒಳಚೀಲದ ಬಾಯಿಯ ತೊಗಲು ಸರಿಯಾಗಿ ಕೂಡುತ್ತಿಲ್ಲ, ಗಾಳಿ ಹಿಂದಕ್ಕೆ ಬರುತ್ತಿದೆ. ಇಂತಹ ಪೆಟ್ಟಿಗೆಯಲ್ಲಿ ತಿದಿ ತೆರೆದಾಗಲೆಲ್ಲ ನಾದ ಕುಸಿಯುತ್ತದೆ. ಎರಡನೆಯದಾಗಿ, ತಿದಿಯನ್ನು ನೂಕುತ್ತಿರುವಾಗ ಅದರ ಹಲಗೆಯ ತೂತುಗಳ ಮುಂದೆ ಇನ್ನೊಬ್ಬರು ಅಂಗೈ ಹಿಡಿಯಲಿ. ಗಾಳಿ ತಗಲಿದರೆ ಹೊರ ತೊಗಲು ಸಡಿಲಾಗಿದೆ. ಮೂರನೆಯದಾಗಿ, ಒಂದು ಗುಂಡಿಯನ್ನು ಎಳೆದಿಟ್ಟು, ಯಾವ ಮನೆಯನ್ನೂ ಒತ್ತದೆ ತಿದಿ ಹಾಕಿರಿ. ಒಂದು ಸ್ವರ ತಾನೇ ನುಡಿಯುತ್ತಿದ್ದರೆ ಆ ಮನೆಯ ಮುಚ್ಚಳ ಕೂತಿಲ್ಲ.

ಮುಂಬಯಿಯ ಮಳೆಗಾಲದಲ್ಲಿ ಈ ಮೂರನೆಯ ದೋಷವೇ ಹೆಚ್ಚು. ತೇವದಿಂದ ಮರ ಉಬ್ಬಿ ಮನೆಗಳು ಒಂದಕ್ಕೊಂದು ತಾಗಿ ಸಿಕ್ಕಿಕೊಳ್ಳುತ್ತವೆ. ಪೆಟ್ಟಿಗೆಯನ್ನು ಬಿಸಿಲಿಗೆ ಇಡಬೇಡಿರಿ. ಮರ ಸೀಳುತ್ತದೆ, ತಿದಿಯ ಅಂಟು ಬಿಡುತ್ತದೆ. ನೆಲಕ್ಕೆ ತಾಗದಂತೆ ಮಣೆಯ ಮೇಲೆ, ಗೋಡೆಯಿಂದ ದೂರವಾಗಿ ಇಡಿರಿ. ದಿನಕ್ಕೊಮ್ಮೆ ಐದು ನಿಮಿಷ ನುಡಿಸಿದರೆ ಮನೆಗಳು ಸಡಿಲಾಗಿರುತ್ತವೆ. ರೀಡುಗಳನ್ನು ಮುಟ್ಟುವುದು, ತೊಗಲು ಬದಲಿಸುವುದು ನಮ್ಮ ಕೆಲಸವಲ್ಲ. ಅದಕ್ಕೆ ದಾದರ, ಗಿರಗಾಂವಗಳ ವಾದ್ಯದಂಗಡಿಗಳ ಕುಶಲಕರ್ಮಿಗಳಿದ್ದಾರೆ. ಆದರೆ ಮೇಲಿನ ಮೂರು ಪರೀಕ್ಷೆಗಳನ್ನು ಮಾಡಿಕೊಂಡು ಹೋದರೆ ದೋಷ ಎಲ್ಲಿದೆಯೆಂದು ನೀವೇ ಹೇಳಬಹುದು. ಬೇಡದ ರಿಪೇರಿಗೆ ಹಣ ತೆರುವುದು ತಪ್ಪುತ್ತದೆ.

ತಿದಿ ಎಷ್ಟು ಸಮವಾದರೂ, ನಾದವು ಹಾಡಿಗೆ ತಕ್ಕಷ್ಟಿದೆಯೇ ಎಂಬುದನ್ನು ನುಡಿಸುವವನ ಕಿವಿ ಹೇಳಲಾರದು. ಅವನು ಪೆಟ್ಟಿಗೆಗೆ ತೀರ ಹತ್ತಿರ ಕುಳಿತಿರುತ್ತಾನೆ. ಅದಕ್ಕಾಗಿ ಪದವನ್ನು ಮೊದಲು ಕೇಳಿರದ ಒಬ್ಬ ಸಹಪಾಠಿಯನ್ನು ಕೋಣೆಯ ಕೊನೆಯಲ್ಲಿ ಕಾಗದ ಪೆನ್ಸಿಲು ಕೊಟ್ಟು ಕೂರಿಸಿರಿ. ಬಾಲಕಿ ಹಾಡಿದಂತೆ ಅವನು ಮಾತುಗಳನ್ನು ಬರೆದುಕೊಳ್ಳಲಿ. ಬಳಿಕ ಅವನ ಕಾಗದವನ್ನು ಪದದ ಪುಸ್ತಕದೊಡನೆ ಹೋಲಿಸಿ ನೋಡಿರಿ. ಎಲ್ಲಿ ಮಾತು ಬಿಟ್ಟುಹೋಗಿದೆಯೋ ಅಲ್ಲಿ ನಿಮ್ಮ ಎಡಗೈ ಏನು ಮಾಡುತ್ತಿತ್ತೆಂದು ನೆನೆಯಿರಿ. ಮುಂದಿನ ದಿನದ ಸಾಧನೆಯನ್ನು ಅಲ್ಲಿಂದ ಆರಂಭಿಸಿರಿ.